ಸಾಲ ಏರಿದಂತೆ ಈಕ್ವಿಟಿಯ ವೆಚ್ಚ ಏಕೆ ನೇರ ಗೆರೆಯಲ್ಲಿ ಏರುತ್ತದೆ? ತೆರಿಗೆಯಿಲ್ಲದ ಲೆಕ್ಕದಲ್ಲಿ ಒಂದು ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಹಣಕಾಸು ನಿರ್ವಹಣೆ ಅಧ್ಯಾಯದಲ್ಲಿ ‘ಟ್ರೇಡಿಂಗ್ ಆನ್ ಈಕ್ವಿಟಿ’ ಎಂಬ ಭಾಗ ಬರುತ್ತದೆ. ಕಂಪನಿಯ ಹೂಡಿಕೆಯ ಮೇಲಿನ ಪ್ರತಿಫಲ ಬಡ್ಡಿದರಕ್ಕಿಂತ ಹೆಚ್ಚಿದ್ದರೆ, ಸಾಲದ ಪಾಲು ಹೆಚ್ಚಿದಂತೆ ಪ್ರತಿ ಷೇರಿನ ಗಳಿಕೆಯೂ ಏರುತ್ತದೆ ಎಂಬುದನ್ನು ಅಲ್ಲಿ ಲೆಕ್ಕದ ಮೂಲಕ ತೋರಿಸಲಾಗುತ್ತದೆ. ನಮ್ಮ ವಾಣಿಜ್ಯ ವಿಧಾನದ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಈ ಭಾಗವನ್ನು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಕರಿಹಲಗೆಯ ಮೇಲೆ ಮೂರು ಕಂಬಸಾಲು ಬರೆದರೆ ಫಲಿತಾಂಶ ಕಣ್ಣಿಗೆ ಕಾಣುತ್ತದೆ, ನಲವತ್ತು ನಿಮಿಷಕ್ಕೆ ಪಾಠವೂ ಮುಗಿಯುತ್ತದೆ.

ನಾನು ವೀಕ್ಷಿಸಿದ ಇಂಥ ಪಾಠಗಳ ಕೊನೆಯಲ್ಲಿ ವಿದ್ಯಾರ್ಥಿಗಳನ್ನು ಒಂದೇ ಪ್ರಶ್ನೆ ಕೇಳುತ್ತೇನೆ: “ಗಳಿಕೆ 15 ರೂಪಾಯಿಯಿಂದ 20ಕ್ಕೆ ಏರಿತು. ಹಾಗಾದರೆ ಷೇರಿನ ಬೆಲೆ ಎಷ್ಟಾಗಬೇಕು?” ತರಗತಿ ಒಟ್ಟಾಗಿ “ಅದೂ ಏರಬೇಕು” ಎನ್ನುತ್ತದೆ. ಸಾಲ ಮಾಡಿದ ಮಾತ್ರಕ್ಕೆ ಷೇರುದಾರನ ಆಸ್ತಿ ಬೆಳೆಯುತ್ತದೆ ಎಂಬ ತೀರ್ಮಾನ ಅವರ ಮನಸ್ಸಿನಲ್ಲಿ ಹೀಗೆ ಕುಳಿತುಬಿಡುತ್ತದೆ. ಇದೇ ವಿದ್ಯಾರ್ಥಿಗಳು ಬಿ.ಕಾಂ.ಗೆ ಹೋದಾಗ ಮೊಡಿಗ್ಲಿಯಾನಿ–ಮಿಲ್ಲರ್ ಸಿದ್ಧಾಂತವನ್ನು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ. ತಾವು ಪಿಯುಸಿಯಲ್ಲಿ ನಂಬಿದ್ದಕ್ಕೆ ಅದು ನೇರ ಉತ್ತರ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಇಬ್ಬರೂ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಧ್ಯಾಪಕರಾಗಿದ್ದಾಗ, 1958ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಬಂಡವಾಳದ ವೆಚ್ಚದ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ತೆರಿಗೆಯಿಲ್ಲದ ಮಾರುಕಟ್ಟೆಯಲ್ಲಿ ಕಂಪನಿಯ ಒಟ್ಟು ಮೌಲ್ಯ ಅದರ ಸಾಲದ ಪ್ರಮಾಣವನ್ನು ಅವಲಂಬಿಸುವುದಿಲ್ಲ ಎಂಬುದು ಅದರ ಮೊದಲ ಪ್ರಮೇಯ. ಈಕ್ವಿಟಿಯ ವೆಚ್ಚ ಸಾಲ–ಈಕ್ವಿಟಿ ಅನುಪಾತದ ಜೊತೆ ಸರಳರೇಖೆಯಲ್ಲಿ ಏರುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಪ್ರಮೇಯವನ್ನು ಸೂತ್ರದಿಂದ ಹೊರಡದೆ ಅಂಕಿಗಳಿಂದಲೇ ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೂತ್ರವನ್ನು ಹಲಗೆಯ ಮೇಲೆ ಕೊನೆಗೆ ಬರೆಯಿರಿ ಎಂಬುದೇ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಮೊದಲ ಸಲಹೆ.

ಕಡಲೆಕಾಯಿ ಎಣ್ಣೆ ಗಿರಣಿಯೊಂದನ್ನು ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸಣ್ಣದಾಗಿಯೇ ಇಟ್ಟಿದ್ದೇನೆ. ಬೆಳೆ ಹೇಗಿದೆ ಎಂಬುದರ ಮೇಲೆ ಗಿರಣಿಯ ಆದಾಯ ನಿಂತಿದೆ. ಕೆಟ್ಟ ವರ್ಷದಲ್ಲಿ ಬಡ್ಡಿಗೆ ಮುಂಚಿನ ಲಾಭ ₹60,000, ಸಾಧಾರಣ ವರ್ಷದಲ್ಲಿ ₹1,50,000, ಒಳ್ಳೆಯ ವರ್ಷದಲ್ಲಿ ₹2,40,000. ಮೂರಕ್ಕೂ ಸಮಾನ ಸಾಧ್ಯತೆ. ಹಾಗಾಗಿ ಸರಾಸರಿ ₹1,50,000. ಗಿರಣಿ ಹೀಗೇ ವರ್ಷ ವರ್ಷ ನಡೆಯುತ್ತಲೇ ಇರುತ್ತದೆ, ಬಂದ ಲಾಭವನ್ನೆಲ್ಲ ಹಂಚಿಬಿಡುತ್ತದೆ, ತೆರಿಗೆ ಇಲ್ಲ.

ಈ ಗಿರಣಿಯನ್ನು ಸಾಲವಿಲ್ಲದೆ ನಡೆಸುವ ಕಂಪನಿಯನ್ನು ‘ಕ’ ಎನ್ನೋಣ. ಅದು 10,000 ಷೇರುಗಳನ್ನು ಹೊರಡಿಸಿದೆ. ಮಾರುಕಟ್ಟೆಯಲ್ಲಿ ಒಂದು ಷೇರಿನ ಬೆಲೆ ₹100. ಅಂದರೆ ಹೂಡಿಕೆದಾರರು ₹10,00,000 ಕೊಟ್ಟು ಸರಾಸರಿ ₹1,50,000 ಆದಾಯ ಕೊಳ್ಳಲು ಒಪ್ಪಿದ್ದಾರೆ. ಇಷ್ಟು ಏರುಪೇರಿರುವ ಆದಾಯಕ್ಕೆ ಅವರು ಬಯಸುವ ಪ್ರತಿಫಲ 15 ಶೇಕಡಾ ಎಂದಾಯಿತು. ಸಾಲವಿಲ್ಲದಾಗ ಕಂಪನಿಯ ಈಕ್ವಿಟಿಯ ವೆಚ್ಚ ಇದೇ. ಇನ್ನು ಸಾಲ 10 ಶೇಕಡಾ ಬಡ್ಡಿಗೆ ಸಿಗುತ್ತದೆ; ಕಂಪನಿಗೂ ಅಷ್ಟೇ, ಷೇರುದಾರನಿಗೂ ಅಷ್ಟೇ. ಈ ಕೊನೆಯ ಮಾತನ್ನು ಹಲಗೆಯ ಮೂಲೆಯಲ್ಲಿ ಬರೆದಿಡಬೇಕು. ಪಾಠದ ಹೊರೆಯೆಲ್ಲ ಮುಂದೆ ಅದರ ಮೇಲೆಯೇ ಬೀಳುತ್ತದೆ.

ಅದೇ ಬಗೆಯ, ಅದೇ ಆದಾಯದ ಮತ್ತೊಂದು ಗಿರಣಿಯನ್ನು ‘ಖ’ ಕಂಪನಿ ನಡೆಸುತ್ತಿದೆ. ಅದು ₹5,00,000 ಸಾಲ ಎತ್ತಿದೆ. ಪ್ರತಿ ವರ್ಷ ₹50,000 ಬಡ್ಡಿ ಕೊಟ್ಟ ಮೇಲೆ ಷೇರುದಾರರಿಗೆ ಉಳಿಯುವುದು ಕೆಟ್ಟ ವರ್ಷದಲ್ಲಿ ₹10,000, ಸಾಧಾರಣ ವರ್ಷದಲ್ಲಿ ₹1,00,000, ಒಳ್ಳೆಯ ವರ್ಷದಲ್ಲಿ ₹1,90,000. ಸರಾಸರಿ ₹1,00,000. ‘ಖ’ ಕಂಪನಿಯ ಷೇರುಗಳ ಒಟ್ಟು ಬೆಲೆ ಎಷ್ಟಿರಬೇಕು?

ಹೆಚ್ಚಿನ ಪಾಠ ಟಿಪ್ಪಣಿಗಳು ಇಲ್ಲಿ ಅವಸರ ಮಾಡುತ್ತವೆ. “ಒಟ್ಟು ಮೌಲ್ಯ ₹10,00,000, ಅದರಲ್ಲಿ ಸಾಲ ₹5,00,000, ಉಳಿದದ್ದು ಈಕ್ವಿಟಿ” ಎಂದು ಕಳೆದು ಮುಂದೆ ಹೋಗಿಬಿಡುತ್ತವೆ. ಒಟ್ಟು ಮೌಲ್ಯ ಬದಲಾಗುವುದಿಲ್ಲ ಎಂಬುದನ್ನೇ ಊಹೆಯಾಗಿ ತೆಗೆದುಕೊಂಡರೆ ಸಿದ್ಧಾಂತದ ಅರ್ಧ ಕೈಬಿಟ್ಟಂತೆ. ಅದನ್ನು ತೋರಿಸಬೇಕು. ತೋರಿಸಲು ಒಳ್ಳೆಯ ದಾರಿ ಎಂದರೆ ವಿದ್ಯಾರ್ಥಿಗಳ ಉತ್ತರವನ್ನೇ ನಿಜವೆಂದು ಒಪ್ಪಿಕೊಂಡು ಮುಂದಕ್ಕೆ ಹೋಗುವುದು.

‘ಖ’ ಕಂಪನಿಯ ಷೇರುದಾರರೂ 15 ಶೇಕಡಾಕ್ಕೇ ತೃಪ್ತರು ಎಂದುಕೊಳ್ಳೋಣ. ಆಗ ₹1,00,000 ಆದಾಯ ಕೊಡುವ ಷೇರುಗಳ ಬೆಲೆ 1,00,000 ÷ 0.15, ಅಂದರೆ ಸುಮಾರು ₹6,66,667. ಸಾಲ ಸೇರಿಸಿದರೆ ಕಂಪನಿಯ ಮೌಲ್ಯ ₹11,66,667. ಯಂತ್ರ ಅದೇ, ಬೆಳೆ ಅದೇ, ಎಣ್ಣೆ ಅದೇ. ಸಾಲಪತ್ರಕ್ಕೆ ಸಹಿ ಹಾಕಿದ್ದರಿಂದ ₹1,66,667 ಹುಟ್ಟಿಕೊಂಡಿತು. ವಿದ್ಯಾರ್ಥಿಗಳಿಗೆ ಇದು ಸಂಶಯಾಸ್ಪದ ಎನಿಸಬೇಕು. ಎನಿಸದಿದ್ದರೂ ಪರವಾಗಿಲ್ಲ, ಮುಂದಿನ ಲೆಕ್ಕ ಅವರನ್ನು ಅಲ್ಲಿಗೆ ತರುತ್ತದೆ.

‘ಖ’ ಕಂಪನಿಯ ಹತ್ತನೇ ಒಂದು ಪಾಲು ಷೇರು ಒಬ್ಬಾಕೆಯ ಬಳಿ ಇದೆ. ಆ ಬೆಲೆಯಲ್ಲಿ ಅದು ₹66,667 ಬಾಳುತ್ತದೆ. ಆಕೆಗೆ ವರ್ಷಕ್ಕೆ ಬರುವುದು ಕೆಟ್ಟ ವರ್ಷ ₹1,000, ಸಾಧಾರಣ ವರ್ಷ ₹10,000, ಒಳ್ಳೆಯ ವರ್ಷ ₹19,000. ಈಗ ಆಕೆ ಷೇರು ಮಾರಿ, ತನ್ನ ಹೆಸರಿನಲ್ಲೇ ₹50,000 ಸಾಲ ತೆಗೆಯುತ್ತಾಳೆ. ಕೈಯಲ್ಲಿ ₹1,16,667. ಅದರಲ್ಲಿ ₹1,00,000 ಕೊಟ್ಟು ‘ಕ’ ಕಂಪನಿಯ ಹತ್ತನೇ ಒಂದು ಪಾಲು ಕೊಳ್ಳುತ್ತಾಳೆ. ‘ಕ’ದಿಂದ ಆಕೆಗೆ ಮೂರು ಬಗೆಯ ವರ್ಷಗಳಲ್ಲಿ ₹6,000, ₹15,000, ₹24,000 ಬರುತ್ತದೆ. ತನ್ನ ಸಾಲದ ಬಡ್ಡಿ ₹5,000 ಕಳೆದರೆ ಉಳಿಯುವುದು ₹1,000, ₹10,000, ₹19,000.

ಇಲ್ಲಿ ಪ್ರಶಿಕ್ಷಣಾರ್ಥಿ ಸುಮ್ಮನೆ ನಿಂತು, ಎರಡೂ ಸಾಲುಗಳನ್ನು ವಿದ್ಯಾರ್ಥಿಗಳೇ ಹೋಲಿಸಲು ಬಿಡಬೇಕು. ಸರಾಸರಿ ಮಾತ್ರವಲ್ಲ, ಪ್ರತಿ ವರ್ಷದ ಅಂಕಿಯೂ ಒಂದೇ. ಬೆಳೆ ಹೇಗೇ ಬರಲಿ, ಆಕೆಗೆ ಮೊದಲಿನಷ್ಟೇ ಸಿಗುತ್ತದೆ. ಜೊತೆಗೆ ಕೈಯಲ್ಲಿ ₹16,667 ಉಳಿದಿದೆ. ಆಕೆ ಯಾವ ಹೊಸ ಅಪಾಯವನ್ನೂ ಹೊತ್ತಿಲ್ಲ. ಕಂಪನಿಯ ತಲೆಯ ಮೇಲಿದ್ದ ಸಾಲವನ್ನು ತನ್ನ ತಲೆಯ ಮೇಲೆ ತಂದುಕೊಂಡಳು, ಅಷ್ಟೇ. ಹೀಗಿರುವಾಗ ‘ಖ’ ಷೇರನ್ನು ಇಟ್ಟುಕೊಳ್ಳುವವರು ಯಾರು? ಎಲ್ಲರೂ ಮಾರಲು ಹೊರಡುತ್ತಾರೆ, ಬೆಲೆ ಇಳಿಯುತ್ತದೆ. ಈ ಲಾಭ ಪೂರ್ತಿ ಇಲ್ಲವಾಗುವುದು ‘ಖ’ ಷೇರುಗಳ ಒಟ್ಟು ಬೆಲೆ ₹5,00,000ಕ್ಕೆ ಬಂದು ನಿಂತಾಗ. ಆಗ ಆಕೆಯ ಪಾಲು ₹50,000, ಅದಕ್ಕೆ ₹50,000 ಸಾಲ ಸೇರಿಸಿದರೆ ‘ಕ’ದ ಪಾಲು ಕೊಳ್ಳಲು ಬೇಕಾದ ₹1,00,000 ಮಾತ್ರ ಆಗುತ್ತದೆ, ಬಿಡಿಗಾಸೂ ಮಿಗುವುದಿಲ್ಲ.

ಬೆಲೆ ಅದಕ್ಕಿಂತ ಕೆಳಗೆ ಹೋದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ‘ಕ’ ಷೇರುದಾರರು ತಮ್ಮ ಪಾಲು ಮಾರಿ, ‘ಖ’ ಕಂಪನಿಯ ಷೇರು ಮತ್ತು ಸಾಲಪತ್ರ ಎರಡರಲ್ಲೂ ಹತ್ತನೇ ಒಂದೊಂದು ಪಾಲು ಕೊಳ್ಳುತ್ತಾರೆ. ಷೇರಿನಿಂದ ₹10,000, ಸಾಲಪತ್ರದಿಂದ ₹5,000, ಒಟ್ಟು ಮೊದಲಿನ ₹15,000; ಆದರೆ ಕಡಿಮೆ ಹಣಕ್ಕೆ. ಇದನ್ನು ಮನೆಪಾಠವಾಗಿ ಕೊಟ್ಟರೆ ಸಾಕು.

ಈಗ ಎರಡನೆಯ ಪ್ರಮೇಯ ತಾನಾಗಿಯೇ ಹಲಗೆಯ ಮೇಲೆ ಬರುತ್ತದೆ. ‘ಖ’ ಷೇರುಗಳ ಬೆಲೆ ₹5,00,000, ಅದರ ಮೇಲಿನ ಸರಾಸರಿ ಆದಾಯ ₹1,00,000. ಈಕ್ವಿಟಿಯ ವೆಚ್ಚ 20 ಶೇಕಡಾ. ಸಾಲ–ಈಕ್ವಿಟಿ ಅನುಪಾತ 0 ಇದ್ದಾಗ 15, ಅನುಪಾತ 1 ಆದಾಗ 20.

ಎರಡು ಬಿಂದುಗಳ ಮೂಲಕ ಯಾವಾಗಲೂ ಒಂದು ಸರಳರೇಖೆ ಹೋಗುತ್ತದೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದ್ದರಿಂದ ಇನ್ನೂ ಎರಡು ಬಿಂದು ಬೇಕು. ಗಿರಣಿ ₹2,00,000 ಸಾಲ ಮಾಡಿದರೆ ಬಡ್ಡಿ ₹20,000, ಷೇರುದಾರರಿಗೆ ಸರಾಸರಿ ₹1,30,000, ಈಕ್ವಿಟಿಯ ಬೆಲೆ ₹8,00,000, ವೆಚ್ಚ 16.25 ಶೇಕಡಾ. ₹6,00,000 ಸಾಲ ಮಾಡಿದರೆ ಬಡ್ಡಿ ₹60,000, ಷೇರುದಾರರಿಗೆ ₹90,000, ಈಕ್ವಿಟಿ ₹4,00,000, ವೆಚ್ಚ 22.5 ಶೇಕಡಾ. ವಿದ್ಯಾರ್ಥಿಗಳು ಇವನ್ನು ತಾವೇ ಮಾಡಿ ಕೆಳಗಿನ ಪಟ್ಟಿಯನ್ನು ತುಂಬಲಿ.

| ಸಾಲ (₹) | ಈಕ್ವಿಟಿ (₹) | ಸಾಲ ÷ ಈಕ್ವಿಟಿ | ಕೆಟ್ಟ ವರ್ಷ (%) | ಒಳ್ಳೆಯ ವರ್ಷ (%) | ಸರಾಸರಿ, ಅಂದರೆ ಈಕ್ವಿಟಿಯ ವೆಚ್ಚ (%) |
|---|---|---|---|---|---|
| 0 | 10,00,000 | 0 | 6 | 24 | 15 |
| 2,00,000 | 8,00,000 | 0.25 | 5 | 27.5 | 16.25 |
| 5,00,000 | 5,00,000 | 1 | 2 | 38 | 20 |
| 6,00,000 | 4,00,000 | 1.5 | 0 | 45 | 22.5 |

ಮೂರನೆಯ ಮತ್ತು ಕೊನೆಯ ಕಂಬಸಾಲುಗಳನ್ನು ಮಾತ್ರ ನೋಡಿ. ಅನುಪಾತ 0.25 ಏರಿದರೆ ವೆಚ್ಚ 1.25 ಏರಿದೆ, 0.25ರಿಂದ 1ಕ್ಕೆ, ಅಂದರೆ 0.75 ಏರಿದರೆ 3.75, 0.5 ಏರಿದರೆ 2.5. ಪ್ರತಿ ಸಲವೂ ಅನುಪಾತದ ಏರಿಕೆಯನ್ನು 5ರಿಂದ ಗುಣಿಸಿದಷ್ಟು. ಗ್ರಾಫ್ ಹಾಳೆಯ ಮೇಲೆ ನಾಲ್ಕು ಬಿಂದುಗಳೂ ಒಂದೇ ಗೆರೆಯ ಮೇಲೆ ಕೂರುತ್ತವೆ.

ಈ 5 ಎಲ್ಲಿಂದ ಬಂತು? ಪಾಠದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಇದನ್ನು ವಿದ್ಯಾರ್ಥಿಯ ಬಾಯಿಂದಲೇ ಬರಿಸಬೇಕು. ನಾನು ಕೊಡುವ ವಿವರಣೆ ಹೀಗೆ: ಷೇರುದಾರನ ಒಂದು ರೂಪಾಯಿ ಗಿರಣಿಗೆ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ಸಾಲದ ರೂಪಾಯಿಗಳನ್ನು ಕರೆದುಕೊಂಡು ಹೋಗುತ್ತದೆ. ಎಷ್ಟು ರೂಪಾಯಿಗಳನ್ನು? ಅದೇ ಸಾಲ–ಈಕ್ವಿಟಿ ಅನುಪಾತ. ಅನುಪಾತ 1 ಆದರೆ ಒಂದು ರೂಪಾಯಿ, 1.5 ಆದರೆ ಒಂದೂವರೆ. ಗಿರಣಿಗೆ ಯಾರ ರೂಪಾಯಿ ಎಂಬುದು ಗೊತ್ತಿಲ್ಲ. ಹೋದ ಪ್ರತಿಯೊಂದು ರೂಪಾಯಿಯೂ ಸರಾಸರಿ 15 ಪೈಸೆ ದುಡಿಯುತ್ತದೆ. ತನ್ನ ರೂಪಾಯಿ ದುಡಿದ 15 ಪೈಸೆ ಪೂರ್ತಿ ಷೇರುದಾರನದ್ದು. ಸಾಲದ ರೂಪಾಯಿ ದುಡಿದ 15ರಲ್ಲಿ 10 ಪೈಸೆ ಸಾಲ ಕೊಟ್ಟವರಿಗೆ ಹೋಗಿ 5 ಪೈಸೆ ಷೇರುದಾರನಿಗೆ ಉಳಿಯುತ್ತದೆ. ಜೊತೆಗೆ ಬಂದ ಸಾಲದ ರೂಪಾಯಿಗಳು ಎಷ್ಟೋ ಅಷ್ಟು ಐದು ಪೈಸೆಗಳು. ಇಷ್ಟನ್ನು ಬರೆದರೆ ಅದೇ ಸೂತ್ರ:

ಈಕ್ವಿಟಿಯ ವೆಚ್ಚ = 15 + (15 − 10) × (ಸಾಲ ÷ ಈಕ್ವಿಟಿ)

ಸಾಮಾನ್ಯ ರೂಪದಲ್ಲಿ ಹೇಳುವುದಾದರೆ, ಸಾಲವಿಲ್ಲದ ಕಂಪನಿಯ ಪ್ರತಿಫಲಕ್ಕೆ, ಆ ಪ್ರತಿಫಲ ಮತ್ತು ಬಡ್ಡಿದರದ ವ್ಯತ್ಯಾಸವನ್ನು ಅನುಪಾತದಿಂದ ಗುಣಿಸಿ ಕೂಡಬೇಕು. ಗೆರೆ ಹೊರಡುವ ಜಾಗ 15, ಅದರ ಇಳಿಜಾರು 5. ಇಳಿಜಾರಿನಲ್ಲಿ ಸಾಲದ ಮೊತ್ತ ಎಲ್ಲೂ ಇಲ್ಲ. ಹಾಗಾಗಿಯೇ ಗೆರೆ ಬಾಗುವುದಿಲ್ಲ.

ಅಡ್ಡ ಅಕ್ಷದ ಮೇಲೆ ಏನನ್ನು ಗುರುತಿಸುತ್ತೇವೆ ಎಂಬ ವಿಷಯದಲ್ಲಿ ಪ್ರಶಿಕ್ಷಣಾರ್ಥಿಗಳು ಎಚ್ಚರದಿಂದಿರಬೇಕು. ಅನುಪಾತದ ಬದಲು ಸಾಲದ ಮೊತ್ತವನ್ನೋ ಒಟ್ಟು ಮೌಲ್ಯದಲ್ಲಿ ಸಾಲದ ಶೇಕಡಾವಾರು ಪಾಲನ್ನೋ ಗುರುತಿಸಿದರೆ ನೇರ ಗೆರೆ ಬರುವುದಿಲ್ಲ. ₹2,00,000ದಂತೆ ಮೂರು ಸಲ ಸಾಲ ಏರಿಸಿ ನೋಡಿ: ವೆಚ್ಚ 15ರಿಂದ 16.25, ಅಲ್ಲಿಂದ 18.33, ಅಲ್ಲಿಂದ 22.5. ಏರಿಕೆ 1.25, 2.08, 4.17 ಎಂದು ಹೆಚ್ಚುತ್ತಲೇ ಹೋಗುತ್ತದೆ. ಪ್ರತಿ ಸಲ ಸಾಲ ಹೆಚ್ಚಿದಷ್ಟೇ ಈಕ್ವಿಟಿ ಕಡಿಮೆಯಾಗುವುದರಿಂದ ಅನುಪಾತ ಜಿಗಿಯುತ್ತದೆ. ವಿದ್ಯಾರ್ಥಿಯ ಗ್ರಾಫ್ ಮೇಲಕ್ಕೆ ಬಾಗಿದ್ದರೆ ಮೊದಲು ಅಡ್ಡ ಅಕ್ಷದ ಹೆಸರನ್ನು ನೋಡಿ, ಆಮೇಲೆ ಲೆಕ್ಕವನ್ನು ಪರಿಶೀಲಿಸಿ. ಹಾಗೆಯೇ ಅನುಪಾತದಲ್ಲಿ ಹಾಕಬೇಕಾದದ್ದು ಮಾರುಕಟ್ಟೆಯ ಬೆಲೆ. ಆಸ್ತಿ–ಹೊಣೆ ಪಟ್ಟಿಯಲ್ಲಿರುವ ಷೇರು ಬಂಡವಾಳದ ಮೊತ್ತವನ್ನು ಹಾಕಿದರೂ ಬಿಂದುಗಳು ಗೆರೆ ತಪ್ಪುತ್ತವೆ.

ಇಷ್ಟಾದರೂ ಜಾಣ ವಿದ್ಯಾರ್ಥಿಗೆ ಒಂದು ತೊಡಕು ಉಳಿಯುತ್ತದೆ. ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ನಮ್ಮ ಪ್ರಶಿಕ್ಷಣಾರ್ಥಿಯನ್ನು ಕೇಳಿದಳು: “ಮೇಡಂ, 20 ಪರ್ಸೆಂಟ್ ಬರ್ತಿದೆ ಅಂದ್ರೆ ಅದು ಲಾಭ ಅಲ್ವಾ? ಅದನ್ನ ವೆಚ್ಚ ಅಂತ ಯಾಕೆ ಕರೀತೀರಿ? ಈ ವೆಚ್ಚ ಯಾರು ಕಟ್ತಾರೆ?” ಪ್ರಶಿಕ್ಷಣಾರ್ಥಿ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಮಾರನೆಯ ದಿನಕ್ಕೆ ಇಟ್ಟುಕೊಂಡರು. ಅದು ಸರಿಯಾದ ನಿರ್ಧಾರವೆಂದೇ ನನಗೆ ಅನ್ನಿಸಿತು, ಏಕೆಂದರೆ ಉತ್ತರಕ್ಕೆ ಪಟ್ಟಿಯ ನಡುವಿನ ಎರಡು ಕಂಬಸಾಲುಗಳು ಬೇಕು.

ಈಕ್ವಿಟಿಯ ವೆಚ್ಚವನ್ನು ಯಾರೂ ಚೆಕ್ ಬರೆದು ಕಟ್ಟುವುದಿಲ್ಲ, ಅದು ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ. ಇಂಥ ಅಪಾಯದ ಷೇರನ್ನು ಕೈಯಲ್ಲಿಟ್ಟುಕೊಳ್ಳಲು ಹೂಡಿಕೆದಾರ ಕನಿಷ್ಠ ಎಷ್ಟು ಪ್ರತಿಫಲ ಕೇಳುತ್ತಾನೆ ಎಂಬುದೇ ಅದು. ಷೇರುದಾರನಿಗೆ ಅದು ನಿರೀಕ್ಷಿತ ಪ್ರತಿಫಲ, ಕಂಪನಿಗೆ ಅದು ವೆಚ್ಚ, ನಾಣ್ಯ ಒಂದೇ. ಹೆಚ್ಚು ಕೇಳುವುದು ಏಕೆ ಎಂಬುದಕ್ಕೆ ಪಟ್ಟಿ ಉತ್ತರ ಕೊಡುತ್ತದೆ. ಸಾಲವಿಲ್ಲದಾಗ ಪ್ರತಿಫಲ 6ರಿಂದ 24ರವರೆಗೆ ಓಡಾಡುತ್ತದೆ. ಸರಾಸರಿಯಿಂದ ಆಚೆಗೆ 9, ಈಚೆಗೆ 9. ಅನುಪಾತ 1 ಆದಾಗ 2ರಿಂದ 38ರವರೆಗೆ. ಆಚೆಗೂ ಈಚೆಗೂ 18. ಅನುಪಾತ 1.5 ಆದಾಗ ಸೊನ್ನೆಯಿಂದ 45ರವರೆಗೆ, 22.5. ಗಿರಣಿಯ ಏರುಪೇರು ಒಂದಿಷ್ಟೂ ಹೆಚ್ಚಿಲ್ಲ. ಅದೇ ₹90,000ದ ಏರುಪೇರನ್ನು ಮೊದಲು ಹತ್ತು ಲಕ್ಷದ ಈಕ್ವಿಟಿ ಹೊರುತ್ತಿತ್ತು, ಈಗ ನಾಲ್ಕು ಲಕ್ಷದ ಈಕ್ವಿಟಿ ಹೊರುತ್ತಿದೆ. ಸಾಲ ಕೊಟ್ಟವರು ತಮ್ಮ ಬಡ್ಡಿಯನ್ನು ಭದ್ರವಾಗಿ ಎತ್ತಿಕೊಂಡು ಏರುಪೇರಿನಿಂದ ಹೊರಗೆ ನಿಂತಿದ್ದಾರೆ.

ಈಗ ಇನ್ನೊಂದು ಭಾಗಾಕಾರ. ಅಪಾಯವಿಲ್ಲದ ಸಾಲಕ್ಕೆ 10 ಸಿಗುತ್ತಿರುವಾಗ, ಅದಕ್ಕಿಂತ ಮೇಲೆ ಈಕ್ವಿಟಿಗೆ ಸಿಗುವುದು ಕ್ರಮವಾಗಿ 5, 10, 12.5. ಹೊರಬೇಕಾದ ಏರುಪೇರು 9, 18, 22.5. ಮೂರೂ ಕಡೆ 5ಕ್ಕೆ 9ರ ಪ್ರಮಾಣ. ಹೆಚ್ಚಿನ ಪ್ರತಿಫಲ ಹೆಚ್ಚಿನ ಅಪಾಯಕ್ಕೆ ಸರಿಯಾದ ಕೂಲಿ, ಒಂದು ಪೈಸೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಟ್ರೇಡಿಂಗ್ ಆನ್ ಈಕ್ವಿಟಿ ಪಾಠದ ಪ್ರಶ್ನೆಗೂ ಇಲ್ಲೇ ಉತ್ತರ. ‘ಕ’ ಕಂಪನಿ ₹5,00,000 ಸಾಲ ಎತ್ತಿ ಆ ಹಣದಿಂದ ತನ್ನದೇ 5,000 ಷೇರುಗಳನ್ನು ₹100ರಂತೆ ಮರಳಿ ಕೊಂಡರೆ, ಉಳಿದ 5,000 ಷೇರುಗಳ ಗಳಿಕೆ ಷೇರಿಗೆ ₹15ರಿಂದ ₹20ಕ್ಕೆ ಏರುತ್ತದೆ. ಆದರೆ ಮಾರುಕಟ್ಟೆ ಈಗ ಆ ₹20ನ್ನು 15ರ ದರದಲ್ಲಲ್ಲ, 20ರ ದರದಲ್ಲಿ ಬೆಲೆ ಕಟ್ಟುತ್ತದೆ. 20 ÷ 0.20 = 100. ಬೆಲೆ ಇದ್ದಲ್ಲೇ ಇದೆ. ಗಳಿಕೆಯ ಎಷ್ಟು ಪಟ್ಟು ಬೆಲೆ ಎಂಬ ಅನುಪಾತ ಮಾತ್ರ 6.67ರಿಂದ 5ಕ್ಕೆ ಇಳಿದಿದೆ.

ಹಲಗೆಯ ಮೇಲೆ ಇದಕ್ಕೊಂದು ಒಳ್ಳೆಯ ಚಿತ್ರವಿದೆ. ಕೆಟ್ಟ, ಸಾಧಾರಣ, ಒಳ್ಳೆಯ ವರ್ಷಗಳ ಪ್ರತಿಫಲವನ್ನು ಒಂದೇ ಗ್ರಾಫ್‌ನಲ್ಲಿ ಮೂರು ಬಣ್ಣದ ಸೀಮೆಸುಣ್ಣದಿಂದ ಎಳೆಯಿರಿ. ಮೂರೂ ನೇರ ಗೆರೆಗಳೇ. ಕೆಟ್ಟ ವರ್ಷದಲ್ಲಿ ಗಿರಣಿ ದುಡಿಯುವುದು 6, ಬಡ್ಡಿ 10. ಸಾಲದ ಪ್ರತಿ ರೂಪಾಯಿಗೂ 4 ಪೈಸೆ ನಷ್ಟ, ಗೆರೆ 4ರ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ಒಳ್ಳೆಯ ವರ್ಷದಲ್ಲಿ 24ರಲ್ಲಿ 10 ಹೋಗಿ 14 ಉಳಿಯುತ್ತದೆ, ಗೆರೆ ಕಡಿದಾಗಿ ಮೇಲೇರುತ್ತದೆ. ಸಾಧಾರಣ ವರ್ಷದ್ದು 5. ಬೀಸಣಿಗೆ ಬಿಚ್ಚಿದಂತೆ ಮೂರು ಗೆರೆಗಳು ಅಗಲವಾಗುತ್ತ ಹೋಗುತ್ತವೆ. ನಡುವಿನ ಗೆರೆಯನ್ನು ಮಾತ್ರ ಎಳೆದು ತೋರಿಸಿದರೆ ಸಾಲ ವರದಂತೆ ಕಾಣುತ್ತದೆ. ಬೀಸಣಿಗೆ ಇಡಿಯಾಗಿ ಕಂಡರೆ ಪಾಠಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ.

ತೂಕದ ಸರಾಸರಿ ವೆಚ್ಚದ ಪರೀಕ್ಷೆಯನ್ನು ವಿದ್ಯಾರ್ಥಿಗಳು ತಾವೇ ಮಾಡಬಲ್ಲರು. ಅನುಪಾತ 1 ಇದ್ದಾಗ ಅರ್ಧ ಭಾಗಕ್ಕೆ 20, ಅರ್ಧ ಭಾಗಕ್ಕೆ 10, ಸರಾಸರಿ 15. ಅನುಪಾತ 1.5 ಇದ್ದಾಗ 22.5ರ ಹತ್ತನೇ ನಾಲ್ಕು 9, 10ರ ಹತ್ತನೇ ಆರು 6; ಕೂಡಿದರೆ 15. “ಸಾಲ ಅಗ್ಗ, ಆದ್ದರಿಂದ ಸಾಲ ಬೆರೆಸಿದರೆ ಸರಾಸರಿ ಇಳಿಯುತ್ತದೆ” ಎನ್ನುವವರು ಈಕ್ವಿಟಿಯ ದರವನ್ನು 15ರಲ್ಲೇ ನಿಲ್ಲಿಸಿ ಲೆಕ್ಕ ಮಾಡುತ್ತಿದ್ದಾರೆ. ಅಗ್ಗದ ಸಾಲ ಬಂದ ಕೂಡಲೇ ಉಳಿದ ಈಕ್ವಿಟಿ ದುಬಾರಿಯಾಗುತ್ತದೆ, ಸಾಲದಿಂದ ಉಳಿಸಿದ್ದು ಅಲ್ಲಿ ಖರ್ಚಾಗುತ್ತದೆ.

ಗೆರೆ ಎಲ್ಲಿಯವರೆಗೆ ನೇರ? ನಮ್ಮ ಗಿರಣಿಯಲ್ಲಿ ಅನುಪಾತ 1.5ರವರೆಗೆ. ಅಲ್ಲಿ ಬಡ್ಡಿ ₹60,000, ಕೆಟ್ಟ ವರ್ಷದ ಲಾಭವೂ ಅಷ್ಟೇ. ಸಾಲ ಕೊಟ್ಟವರಿಗೆ ಕೆಟ್ಟ ವರ್ಷದಲ್ಲೂ ಪೂರ್ತಿ ಸಲ್ಲುತ್ತದೆ. ₹8,00,000 ಸಾಲ ಮಾಡಿದರೆ ಅನುಪಾತ 4. ಬಡ್ಡಿದರ 10ರಲ್ಲೇ ನಿಂತಿದ್ದರೆ ಈಕ್ವಿಟಿಯ ವೆಚ್ಚ 35 ಎಂದು ಸೂತ್ರ ಹೇಳುತ್ತದೆ. ಆದರೆ ಕೆಟ್ಟ ವರ್ಷದಲ್ಲಿ ಸಿಗುವುದು ₹60,000 ಮಾತ್ರ, ಉಳಿದ ಬಡ್ಡಿ ಮುಳುಗಿಹೋಗುತ್ತದೆ ಎಂದಿಟ್ಟುಕೊಂಡರೆ, ಏರುಪೇರಿನ ಒಂದು ತುಂಡು ಸಾಲ ಕೊಟ್ಟವರ ತಲೆಗೂ ಬಂತು. ಅದಕ್ಕಾಗಿ ಅವರು ಸರಾಸರಿ 11 ಕೇಳುತ್ತಾರೆ ಎನ್ನೋಣ, ಅಂದರೆ ವರ್ಷಕ್ಕೆ ₹88,000. ಷೇರುದಾರರಿಗೆ ಸರಾಸರಿ ಉಳಿಯುವುದು ₹62,000, ₹2,00,000ದ ಮೇಲೆ 31 ಶೇಕಡಾ. ಗೆರೆ 35ಕ್ಕೆ ಹೋಗದೆ 31ರ ಕಡೆಗೆ ಬಾಗಿತು. ತೂಕದ ಸರಾಸರಿ ಮಾತ್ರ 8.8 ಮತ್ತು 6.2 ಸೇರಿ ಮತ್ತೆ 15. ಸೂತ್ರ ಮುರಿದಿಲ್ಲ; 10ರ ಜಾಗದಲ್ಲಿ 11 ಹಾಕಿದರೆ 15 + 4 × 4 = 31 ಎಂದು ಸರಿಯಾಗಿಯೇ ಬರುತ್ತದೆ. ಬದಲಾದದ್ದು ಇಳಿಜಾರು.

ಇಲ್ಲಿ ಎಂ.ಕಾಂ. ಮುಗಿಸಿ ಬಂದವರೂ ಎಡವುವ ಜಾಗವೊಂದಿದೆ. ಸರಾಸರಿ ₹88,000 ಸಿಗಬೇಕಾದರೆ, ಕೆಟ್ಟ ವರ್ಷದ ಕೊರತೆಯನ್ನು ಉಳಿದೆರಡು ವರ್ಷ ತುಂಬಬೇಕು. ಅಂದರೆ ಸಾಲಪತ್ರದಲ್ಲಿ ಬರೆಯುವ ಬಡ್ಡಿ ₹1,02,000, ದರ 12.75. ಸೂತ್ರದಲ್ಲಿ ಈ ಬರೆದ ದರವನ್ನು ಹಾಕಿದರೆ ಈಕ್ವಿಟಿಯ ವೆಚ್ಚ 24 ಎಂಬ ತಪ್ಪು ಉತ್ತರ ಬರುತ್ತದೆ. ಹಾಕಬೇಕಾದದ್ದು ಸಾಲ ಕೊಟ್ಟವರು ನಿಜವಾಗಿ ನಿರೀಕ್ಷಿಸುವ 11. ಸಾಲ ಭದ್ರವಾಗಿದ್ದಾಗ ಎರಡೂ ಒಂದೇ ಆಗಿರುವುದರಿಂದ ಈ ಭೇದ ಅಲ್ಲಿಯವರೆಗೆ ಕಾಣಿಸಿಕೊಳ್ಳುವುದಿಲ್ಲ.

ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಮಾತಿಗೆ ಕೊನೆಗೆ ಬರಬೇಕು. ಷೇರುದಾರಳಿಗೂ ಕಂಪನಿಯ ದರದಲ್ಲೇ ಸಾಲ ಸಿಗುತ್ತದೆ ಎಂದೆವು, ದಲ್ಲಾಳಿ ಖರ್ಚು ಇಲ್ಲವೆಂದುಕೊಂಡೆವು. ಆಕೆಗೆ 14 ಶೇಕಡಾಕ್ಕೆ ಸಾಲ ಸಿಗುವುದಾದರೆ ₹50,000ಕ್ಕೆ ಬಡ್ಡಿ ₹7,000. ಕೆಟ್ಟ ವರ್ಷದಲ್ಲಿ ‘ಕ’ದಿಂದ ಬರುವ ₹6,000 ಅದಕ್ಕೂ ಸಾಲದು. ಆಗ ಆಕೆ ‘ಖ’ ಷೇರನ್ನು ಮಾರಲು ಅಷ್ಟು ಸುಲಭವಾಗಿ ಹೊರಡುವುದಿಲ್ಲ, ‘ಖ’ ಬೆಲೆ ಸ್ವಲ್ಪ ಮೇಲೆಯೇ ನಿಲ್ಲಬಹುದು. ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತಿದರೆ ಪಾಠ ತಲುಪಿದೆ ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತೇನೆ.

ಮೌಲ್ಯಮಾಪನಕ್ಕೆ ಸೂತ್ರಕ್ಕೆ ಅಂಕಿ ತುಂಬಿಸುವ ಪ್ರಶ್ನೆ ಬೇಡ. ಇದನ್ನು ಕೊಟ್ಟು ನೋಡಿ: ಅದೇ ಗಿರಣಿಯ ಬಡ್ಡಿದರ 10ರ ಬದಲು 15 ಇದ್ದು, ಕಂಪನಿ ₹2,00,000 ಸಾಲ ಎತ್ತಿದರೆ ಪ್ರತಿ ಷೇರಿನ ಸರಾಸರಿ ಗಳಿಕೆ ಎಷ್ಟು, ಒಳ್ಳೆಯ ಮತ್ತು ಕೆಟ್ಟ ವರ್ಷಗಳ ನಡುವಿನ ಅಂತರ ಎಷ್ಟು, ಅಂಥ ಷೇರನ್ನು ₹100 ಕೊಟ್ಟು ಯಾರಾದರೂ ಕೊಳ್ಳುತ್ತಾರೆಯೇ? ಗಳಿಕೆ ₹15ರಲ್ಲೇ ನಿಲ್ಲುತ್ತದೆ, ಏರುಪೇರು ಮಾತ್ರ ಎರಡೂ ಕಡೆಗೆ 9ರಿಂದ 11.25ಕ್ಕೆ ಹೆಚ್ಚುತ್ತದೆ. ಭದ್ರವಾದ ಸಾಲಪತ್ರವೇ 15 ಕೊಡುತ್ತಿರುವಾಗ ಈ ಷೇರು ಯಾರಿಗೆ ಬೇಕು ಎಂದು ವಾದಿಸುವ ವಿದ್ಯಾರ್ಥಿ, ಇಳಿಜಾರು ಸೊನ್ನೆಯಾಗುವುದೆಂದರೆ ಅಪಾಯಕ್ಕೆ ಕೂಲಿಯೇ ಇಲ್ಲವೆಂದು ಅರ್ಥ ಎಂಬುದನ್ನು ತಾನೇ ಹೇಳುತ್ತಾನೆ. ತೆರಿಗೆಯನ್ನು ಲೆಕ್ಕಕ್ಕೆ ತರುವುದು ಬೇರೆ ಪಾಠ. ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಕೂಡ ಅದನ್ನು ಸರಿಪಡಿಸಿ ಬರೆದದ್ದು ಐದು ವರ್ಷ ತಡೆದು, 1963ರಲ್ಲಿ.